ಮಾತು ಕಡಿಮೆ, ಬರವಣಿಗೆ ಗಟ್ಟಿ: ಇಂಥ ಮಗುವಿನ ರಿಪೋರ್ಟ್ ಕಾರ್ಡಿಗೆ ಷರಾ ಬರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟರ್ಮ್ ಮುಗಿಯುವ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆಗಳು ಶುರುವಾಗುತ್ತವೆ. ಕೆಲವನ್ನು ಜೊತೆಯ ಟೀಚರ್‌ಗಳು ಕೇಳಿದ್ದು, ಕೆಲವು ಪತ್ರದಲ್ಲಿ ಬಂದದ್ದು, ಒಂದೆರಡನ್ನು ಅಪ್ಪ ಅಮ್ಮಂದಿರು ಕೇಳಿದ್ದು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆನೋವಿನವು ಆಮೇಲೆ.

## ಪೆನ್ನು ಹಿಡಿಯುವ ಮೊದಲು

"ಇಡೀ ಟರ್ಮಿನಲ್ಲಿ ನಾಲ್ಕು ಮಾತು ಆಡಿಲ್ಲ. ಈ ಮಗುವಿನ ಬಗ್ಗೆ ಏನಂತ ಬರೆಯಲಿ?"

ಮೊದಲು ಅವಳ ನೋಟ್‌ಬುಕ್ ತರಿಸಿಕೊಳ್ಳಿ. ಷರಾ ಬರೆಯಲು ಕೂತಾಗ ನಾವು ಸಾಮಾನ್ಯವಾಗಿ ನೆನಪಿನಿಂದ ಬರೆಯುತ್ತೇವೆ. ನೆನಪಿನಲ್ಲಿ ಉಳಿಯುವುದು ಸದ್ದು ಮಾಡಿದವರು: ಕೈ ಎತ್ತಿದವರು, ಜಗಳ ಆಡಿದವರು, ನಗಿಸಿದವರು. ಸುಮ್ಮನೆ ಕೂತು ಒಳ್ಳೆಯ ಉತ್ತರ ಬರೆದವಳ ಪುಟಕ್ಕೆ ನಾವು ಒಂದು ಟಿಕ್ ಹಾಕಿ, ಕೆಳಗೆ ಇನ್ನೂ ಮೂವತ್ತು ಪುಸ್ತಕ ಇವೆಯಲ್ಲ ಎಂದು ಮುಂದೆ ಹೋಗಿರುತ್ತೇವೆ.

ಪುಸ್ತಕದಲ್ಲಿ ಅಂದವಾದ ಅಕ್ಷರ ಹುಡುಕಬೇಡಿ, ಪೂರ್ಣ ಅಂಕವನ್ನೂ ಹುಡುಕಬೇಡಿ. 'ಯಾಕೆಂದರೆ', 'ಆದ್ದರಿಂದ', 'ಹಾಗಿದ್ದರೆ' ಎಂಬ ಪದಗಳು ಬಂದಿರುವ ಸಾಲು ಹುಡುಕಿ. ಮಗು ಬೋರ್ಡಿನಿಂದ ಇಳಿಸಿಕೊಳ್ಳದೆ ತಾನೇ ಯೋಚಿಸಿದ್ದು ಹೆಚ್ಚಾಗಿ ಆ ಪದಗಳ ಹಿಂದೆ ಮುಂದೆ ಇರುತ್ತದೆ. ಅಂಥದ್ದು ಒಂದೇ ಒಂದು ಸಾಲು ಸಿಕ್ಕರೂ ಷರಾದ ಅರ್ಧ ಕೆಲಸ ಆಯಿತು.

"'ತುಂಬಾ ಮೌನಿ, ಸಂಕೋಚ ಸ್ವಭಾವ' ಅಂತ ಬರೆದರೆ ತಪ್ಪೇನು? ನಿಜ ತಾನೆ?"

ಮೌನ ನೀವು ನೋಡಿದ್ದು. ಸಂಕೋಚ ನೀವು ಊಹಿಸಿದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಬರೆದರೆ ಓದುವವರಿಗೆ ಎರಡೂ ನೋಡಿದ್ದೇ ಅನಿಸುತ್ತದೆ.

ಒಂದೇ ಬೆಂಚಿನಲ್ಲಿ ಮೂರು ಮಕ್ಕಳು ಸುಮ್ಮನೆ ಕೂತಿದ್ದಾರೆ ಅಂದುಕೊಳ್ಳಿ. ಒಬ್ಬಳು ಉತ್ತರ ಪೂರ್ತಿ ಸಿದ್ಧವಾಗುವವರೆಗೆ ಬಾಯಿ ತೆರೆಯುವವಳಲ್ಲ. ಇನ್ನೊಬ್ಬನಿಗೆ ಎಲ್ಲರೂ ತಿರುಗಿ ನೋಡಿದರೆ ಗಂಟಲು ಕಟ್ಟುತ್ತದೆ. ಮೂರನೆಯವನಿಗೆ ಒಂದು ಕಿವಿ ಸರಿಯಾಗಿ ಕೇಳುತ್ತಿಲ್ಲ. ಹೊರಗಿನಿಂದ ನೋಡಿದರೆ ಮೂವರೂ ಒಂದೇ ಥರ. 'ಸಂಕೋಚ' ಎಂಬ ಪದ ಸರಿಹೊಂದಿದರೆ ಒಬ್ಬರಿಗೆ ಹೊಂದಬಹುದು ಅಷ್ಟೆ.

ಕ್ರಿಯಾಪದದ ಮೇಲೂ ಒಂದು ಕಣ್ಣಿರಲಿ. 'ಮಾತಾಡುವುದಿಲ್ಲ', 'ಮಾತಾಡಲು ಬರುವುದಿಲ್ಲ', 'ಮಾತಾಡಲು ಇಷ್ಟವಿಲ್ಲ' ಇವು ಮೂರು ಬೇರೆ ಬೇರೆ ಮಾತು. ಎರಡನೆಯದು ಮಗುವಿನ ಕೈಲಾಗದು ಎನ್ನುತ್ತದೆ, ಮೂರನೆಯದು ಹಟ ಎನ್ನುತ್ತದೆ. ನಿಮಗೆ ಗೊತ್ತಿರುವುದು ಮೊದಲನೆಯದು ಮಾತ್ರ. ಅದೂ ಎಲ್ಲಿ, ಯಾರ ಮುಂದೆ ಎಂದು ಸೇರಿಸಿದಾಗ ಮಾತ್ರ ಸರಿ. 'ಇಡೀ ತರಗತಿಯ ಮುಂದೆ ಮಾತಾಡುವುದು ಅಪರೂಪ' ಎಂದರೆ ಅದು ನೋಡಿ ಬರೆದ ಸಾಲು.

"ಎಷ್ಟು ಒಳ್ಳೆಯದು ಬರೆದರೂ 'ಆದರೆ' ಬಂದೇ ಬರುತ್ತೆ. ಅದನ್ನು ತಪ್ಪಿಸೋದು ಹೇಗೆ?"

'ಚೆನ್ನಾಗಿ ಬರೆಯುತ್ತಾಳೆ, ಆದರೆ ಮಾತಾಡುವುದಿಲ್ಲ.' ಈ ಸಾಲು ಓದಿದ ಅಮ್ಮನ ಮನಸ್ಸಿನಲ್ಲಿ ಉಳಿಯುವುದು ಕೊನೆಯ ಪದ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಾಕ್ಯದ ಭಾರವೂ ಅಲ್ಲೇ ಬೀಳುತ್ತದೆ. 'ಆದರೆ' ಬಂತೆಂದರೆ ಅದರ ಹಿಂದಿನದೆಲ್ಲ ಬರೀ ಪೀಠಿಕೆ ಆಗಿಬಿಡುತ್ತದೆ.

ಹಿಂದುಮುಂದು ಮಾಡಿ 'ಮಾತು ಕಡಿಮೆ, ಆದರೆ ಚೆನ್ನಾಗಿ ಬರೆಯುತ್ತಾಳೆ' ಎಂದರೆ ಸ್ವಲ್ಪ ವಾಸಿ. ಆಗಲೂ ಬರವಣಿಗೆ ಏನೋ ಕೊರತೆಗೆ ಕೊಟ್ಟ ಸಮಾಧಾನದ ಹಾಗೆ ಕೇಳಿಸುತ್ತದೆ. ನಾನು ಮಾಡುವುದು ಇಷ್ಟೇ: ಎರಡನ್ನೂ ಎರಡು ವಾಕ್ಯ ಮಾಡಿ, ನಡುವೆ ಪೂರ್ಣವಿರಾಮ ಹಾಕುತ್ತೇನೆ. ಬರವಣಿಗೆಯ ವಾಕ್ಯ ಅದರ ಪಾಡಿಗೆ ಮುಗಿಯಲಿ. ಮಾತಿನ ವಾಕ್ಯ ಬೇರೆಯಾಗಿ ಶುರುವಾಗಲಿ. ಅವೆರಡೂ ಒಂದಕ್ಕೊಂದು ವಿರುದ್ಧ ಅಲ್ಲವೇ ಅಲ್ಲ, ಜೋಡಿಸುವ ಪದ ಯಾಕೆ ಬೇಕು?

## ಬರೆಯಲು ಕೂತಾಗ

"ಹೇಳೋದು ಸುಲಭ. ಒಂದು ಮಗುವಿನದು ಮೊದಲಿಂದ ಕೊನೆವರೆಗೆ ಬರೆದು ತೋರಿಸ್ತೀರಾ?"

ತೋರಿಸುತ್ತೇನೆ. ಐದನೇ ತರಗತಿಯ ಹುಡುಗಿ, ವಿಜ್ಞಾನ. ನಾನು ಮೊದಲು ಬರೆದಿದ್ದ ಷರಾ ಹೀಗಿತ್ತು:

> ಓದಿನಲ್ಲಿ ಉತ್ತಮ. ಆದರೆ ತುಂಬಾ ಸಂಕೋಚ. ತರಗತಿಯಲ್ಲಿ ಇನ್ನೂ ಹೆಚ್ಚು ಮಾತಾಡಬೇಕು.

ಇದನ್ನು ಯಾವ ಮಗುವಿನ ಕಾರ್ಡಿಗಾದರೂ ಅಂಟಿಸಬಹುದು. 'ಉತ್ತಮ' ಅಂದರೆ ಯಾವುದರಲ್ಲಿ? 'ಹೆಚ್ಚು' ಅಂದರೆ ಎಷ್ಟು? ಪುಣ್ಯಕ್ಕೆ ಅದು ಕರಡು, ಕಾರ್ಡಿಗೆ ಇಳಿಸುವುದಕ್ಕೆ ಇನ್ನೂ ಮೂರು ವಾರ ಇತ್ತು.

ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ನಾಲ್ಕು ಗೆರೆ ಎಳೆದೆ: ಇಡೀ ತರಗತಿಯ ಮುಂದೆ, ನಾಲ್ವರ ಗುಂಪಿನಲ್ಲಿ, ಪಕ್ಕದವಳ ಜೊತೆ, ನನ್ನ ಮೇಜಿನ ಹತ್ತಿರ. ಹತ್ತು ದಿನ, ವಿಜ್ಞಾನದ ಪಿರಿಯಡ್‌ನಲ್ಲಿ ಮಾತ್ರ, ಅವಳು ಪಾಠದ ಬಗ್ಗೆ ಬಾಯಿ ತೆರೆದಾಗಲೆಲ್ಲ ಆಯಾ ಗೆರೆಯಲ್ಲಿ ಒಂದು ಗೀಟು. ದಿನಕ್ಕೆ ಒಂದು ನಿಮಿಷದ ಕೆಲಸವೂ ಅಲ್ಲ. ಹತ್ತು ದಿನ ಆದಾಗ ಲೆಕ್ಕ ಹೀಗಿತ್ತು: ತರಗತಿಯ ಮುಂದೆ 0, ಗುಂಪಿನಲ್ಲಿ 2, ಪಕ್ಕದವಳ ಜೊತೆ 9, ನನ್ನ ಮೇಜಿನ ಹತ್ತಿರ 4.

ಮಾತೇ ಆಡಲ್ಲ ಅಂದುಕೊಂಡಿದ್ದ ಮಗು ಹದಿನೈದು ಸಲ ಪಾಠದ ಬಗ್ಗೆ ಮಾತಾಡಿದ್ದಳು. ನಾನು ಬೋರ್ಡಿನ ಮುಂದೆ ನಿಂತಾಗ ಅದು ನನ್ನ ಕಿವಿಗೆ ಬೀಳುತ್ತಿರಲಿಲ್ಲ ಅಷ್ಟೆ. ಇನ್ನೊಂದು ವಿಷಯ ಗೀಟುಗಳ ಪಕ್ಕದ ಟಿಪ್ಪಣಿಯಿಂದ ಗೊತ್ತಾಯಿತು. ಗುಂಪಿನಲ್ಲಿ ಮಾತಾಡಿದ ಎರಡು ಸಲವೂ ಅವಳ ಕೈಯಲ್ಲಿ ತಾನೇ ಬರೆದ ಹಾಳೆ ಇತ್ತು.

ಆಮೇಲೆ ನೋಟ್‌ಬುಕ್. 'ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಹಾಕಿ ಕಲಕಿದೆವು. ಉಪ್ಪು ಎಲ್ಲಿ ಹೋಯಿತು?' ಎಂಬ ಪ್ರಶ್ನೆಗೆ ಹೆಚ್ಚಿನವರು 'ಕರಗಿ ಮಾಯವಾಯಿತು' ಎಂದು ಬರೆದಿದ್ದರು. ಇವಳದು ಹೀಗಿತ್ತು: 'ಎಲ್ಲಿಗೂ ಹೋಗಿಲ್ಲ. ಕಾಣುವುದಿಲ್ಲ ಅಷ್ಟೆ. ಯಾಕೆಂದರೆ ನೀರು ಉಪ್ಪಾಗಿದೆ. ಹಾಕುವ ಮೊದಲು ನೀರಿನ ಲೋಟ ಮತ್ತು ಉಪ್ಪು ಎರಡನ್ನೂ ತೂಗಿ, ಕಲಕಿದ ಮೇಲೆ ಮತ್ತೆ ತೂಗಿದರೆ ಒಂದೇ ಬರಬೇಕು.' ತೂಗುವ ಮಾತನ್ನು ನಾನು ಪಾಠದಲ್ಲಿ ಎತ್ತಿರಲೇ ಇಲ್ಲ. ಕಾಣದಿದ್ದರೂ ವಸ್ತು ಇದೆ ಎನ್ನುವುದು ಒಂದು, ಇದೆ ಎಂದು ತೋರಿಸುವುದು ಹೇಗೆ ಎನ್ನುವುದು ಇನ್ನೊಂದು. ಅವಳು ಎರಡನ್ನೂ ಮಾಡಿದ್ದಳು. ನಾನು ಟಿಕ್ ಹಾಕಿ ಮುಂದೆ ಹೋಗಿದ್ದೆ.

ಕೊನೆಗೆ ಕಾರ್ಡಿಗೆ ಹೋದ ಷರಾ:

> ಕರಗಿದ ಉಪ್ಪು ಮಾಯವಾಗಿಲ್ಲ ಎಂಬುದನ್ನು ಕಾರಣ ಕೊಟ್ಟು ಬರೆದಿದ್ದಾಳೆ. ತೂಕ ಮಾಡಿ ಅದನ್ನು ಪರೀಕ್ಷಿಸುವ ದಾರಿಯನ್ನು ತಾನೇ ಯೋಚಿಸಿದ್ದಾಳೆ. ಪಕ್ಕದ ಗೆಳತಿಯ ಜೊತೆ ಮತ್ತು ನನ್ನ ಜೊತೆ ಪಾಠದ ಬಗ್ಗೆ ಮಾತಾಡುತ್ತಾಳೆ. ಇಡೀ ತರಗತಿಯ ಮುಂದೆ ಮಾತಾಡುವುದು ಅಪರೂಪ. ಬರೆದದ್ದು ಕೈಯಲ್ಲಿದ್ದಾಗ ಗುಂಪಿನಲ್ಲಿ ಓದಿ ಹೇಳಿದ್ದಾಳೆ. ಮುಂದಿನ ಟರ್ಮಿನಲ್ಲಿ ವಾರಕ್ಕೊಮ್ಮೆ ಪ್ರಶ್ನೆಯನ್ನು ಹಿಂದಿನ ದಿನವೇ ಕೊಟ್ಟು, ಉತ್ತರವನ್ನು ನಾಲ್ವರ ಗುಂಪಿನಲ್ಲಿ ಓದಲು ಹೇಳುತ್ತೇನೆ.

ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ, ಗಮನಿಸಿ. 'ಉತ್ತಮ' ಇಲ್ಲ, 'ಪ್ರತಿಭಾವಂತೆ' ಇಲ್ಲ. ಉಪ್ಪಿನ ವಿಷಯ ಓದಿದವರಿಗೆ ಅವು ಬೇಕಾಗಿಲ್ಲ. ಇನ್ನೊಂದು ಮಾತು: ತರಗತಿಯ ಮುಂದಿನ ಲೆಕ್ಕ ಸೊನ್ನೆ ಇದ್ದರೂ 'ಮಾತಾಡುವುದೇ ಇಲ್ಲ' ಎಂದು ಬರೆಯಲಿಲ್ಲ. ನಾನು ಎಣಿಸಿದ್ದು ಹತ್ತೇ ದಿನ, ಅದೂ ಒಂದೇ ವಿಷಯದ ಪಿರಿಯಡ್.

"ನಮ್ಮ ಕಾರ್ಡಿನಲ್ಲಿ ಎರಡೇ ಸಾಲು ಜಾಗ. ಇಷ್ಟೆಲ್ಲ ಎಲ್ಲಿ ಹಿಡಿಸಲಿ?"

ಹಿಡಿಸುವುದಿಲ್ಲ. ಹಾಗಿದ್ದಾಗ ಪುರಾವೆಯ ಸಾಲು ಮತ್ತು ಮುಂದಿನ ಹೆಜ್ಜೆ ಇಟ್ಟುಕೊಂಡು ಉಳಿದದ್ದನ್ನು ಬಿಡಿ. 'ಕರಗಿದ ಉಪ್ಪು ಉಳಿದಿದೆ ಎಂದು ತೂಕದಿಂದ ತೋರಿಸುವ ದಾರಿ ತಾನೇ ಬರೆದಿದ್ದಾಳೆ. ಮುಂದೆ ಇಂಥ ಉತ್ತರಗಳನ್ನು ಚಿಕ್ಕ ಗುಂಪಿನಲ್ಲಿ ಓದಿ ಹೇಳುವ ಅಭ್ಯಾಸ ಮಾಡಿಸುತ್ತೇನೆ.' ಮಾತು ಕಡಿಮೆ ಎನ್ನುವುದು ಎರಡನೇ ವಾಕ್ಯದಿಂದಲೇ ತಿಳಿಯುತ್ತದೆ, ಬೇರೆ ಹೇಳಬೇಕಾಗಿಲ್ಲ.

"ಮುಂದಿನ ಹೆಜ್ಜೆ ಅಂತ ಏನು ಬರೆಯಲಿ? 'ಹೆಚ್ಚು ಭಾಗವಹಿಸಬೇಕು' ಅನ್ನೋದು ಬಿಟ್ಟು ಏನೂ ಹೊಳೆಯಲ್ಲ."

'ಭಾಗವಹಿಸಬೇಕು' ಎಂಬುದರಲ್ಲಿ ಕೆಲಸವೆಲ್ಲ ಮಗುವಿನ ತಲೆಗೆ. ಏನು ಮಾಡಬೇಕು, ಯಾವಾಗ, ಎಷ್ಟು, ಒಂದೂ ಅದಕ್ಕೆ ತಿಳಿಯದು. ಹೆಜ್ಜೆಯಲ್ಲಿ 'ನಾನು' ಇರಬೇಕು, ಅಂದರೆ ಟೀಚರ್ ಏನು ಮಾಡುತ್ತಾರೆ ಎನ್ನುವುದು. ಮಗುವಿನ ಪಾಲಿನದು ಈಗಾಗಲೇ ಸಲೀಸಾಗಿ ಮಾಡುವ ಕೆಲಸಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿರಬೇಕು.

ಮೆಟ್ಟಿಲುಗಳು ಹೆಚ್ಚು ಕಡಿಮೆ ಹೀಗೆ ಏರುತ್ತವೆ: ಪಕ್ಕದವಳಿಗೆ ಹೇಳುವುದು, ಬರೆದದ್ದನ್ನು ಪಕ್ಕದವಳಿಗೆ ಓದುವುದು, ಗುಂಪಿನಲ್ಲಿ ಓದುವುದು, ಗುಂಪಿನಲ್ಲಿ ಹಾಳೆ ಇಲ್ಲದೆ ಹೇಳುವುದು, ಆಮೇಲೆ ಎಲ್ಲರ ಮುಂದೆ ಒಂದು ವಾಕ್ಯ ಓದುವುದು. ನನ್ನ ಹುಡುಗಿ ಮೂರನೇ ಮೆಟ್ಟಿಲನ್ನು ಎರಡು ಸಲ ಮುಟ್ಟಿ ಇಳಿದಿದ್ದಳು. ಅದಕ್ಕೇ ಅವಳಿಗೆ ಅದೇ ಮೆಟ್ಟಿಲನ್ನು ವಾರಕ್ಕೊಮ್ಮೆ ಗಟ್ಟಿ ಮಾಡುವ ಹೆಜ್ಜೆ. ನೇರ ಕೊನೆಯ ಮೆಟ್ಟಿಲು ಬರೆದಿದ್ದರೆ ಷರಾ ಚೆನ್ನಾಗಿ ಕಾಣುತ್ತಿತ್ತು, ಟರ್ಮ್ ಕೊನೆಗೆ ಏನೂ ಆಗಿರುತ್ತಿರಲಿಲ್ಲ.

ಟೀಚರ್ ಮಾಡಬಹುದಾದ್ದರಲ್ಲಿ ಖರ್ಚಿಲ್ಲದ್ದು ಕಾಯುವುದು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ 1970ರ ದಶಕದಲ್ಲಿ ಒಂದು ವಿಷಯ ಗುರುತಿಸಿದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸರಾಸರಿ 1 ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್ ಅಥವಾ ಸ್ವಲ್ಪ ಜಾಸ್ತಿ ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಬಾರದಿರುವುದು ಕಡಿಮೆಯಾಯಿತು. ಮೂರು ಸೆಕೆಂಡ್ ಏನು ಮಹಾ ಅನಿಸುತ್ತದೆ, ಅಲ್ವಾ? ನಾಳೆ ತರಗತಿಯಲ್ಲಿ ಮನಸ್ಸಿನಲ್ಲೇ ಎಣಿಸಿ ನೋಡಿ. ಎರಡಕ್ಕೇ ಬಾಯಿ ತುರಿಸುತ್ತದೆ.

## ತಲೆನೋವಿನ ಪ್ರಶ್ನೆಗಳು

"ಬರೆದದ್ದು ಅವಳದೇ ಅಂತ ಹೇಗೆ ನಂಬೋದು? ನೋಡಿ ಬರೆದಿರಬಹುದಲ್ವಾ?"

ಅನುಮಾನ ಬಂದರೆ ತಪ್ಪಿಲ್ಲ. ಅದನ್ನು ತೀರಿಸಿಕೊಳ್ಳದೆ ಷರಾ ಬರೆಯುವುದು ತಪ್ಪು. ಮನೆಯಿಂದ ಬಂದ ಕೆಲಸ ಮಾತ್ರ ಚೆನ್ನಾಗಿದ್ದು ತರಗತಿಯಲ್ಲಿ ಬರೆದದ್ದು ಸಾಧಾರಣವಾಗಿದ್ದರೆ ಇನ್ನೊಮ್ಮೆ ನೋಡಬೇಕು. ಎರಡೂ ಒಂದೇ ಮಟ್ಟದಲ್ಲಿದ್ದರೆ ಚಿಂತೆ ಬೇಡ.

ಪರೀಕ್ಷಿಸಲು ಅದೇ ವಿಚಾರವನ್ನು ಸ್ವಲ್ಪ ತಿರುಗಿಸಿ ಐದು ನಿಮಿಷದಲ್ಲಿ ಎಲ್ಲರಿಂದಲೂ ಬರೆಸಿ. ನಾನು ಕೇಳಿದ್ದು: 'ಉಪ್ಪುನೀರನ್ನು ತಟ್ಟೆಯಲ್ಲಿ ಹಾಕಿ ಬಿಸಿಲಲ್ಲಿ ಇಟ್ಟರೆ ಕೊನೆಗೆ ಏನು ಉಳಿಯುತ್ತದೆ, ಎಷ್ಟು?' ಇವಳು 'ಎರಡು ಚಮಚದಷ್ಟೇ ಉಪ್ಪು, ಲೋಟಕ್ಕೆ ಅಂಟಿದ್ದು ಬಿಟ್ಟು' ಎಂದು ಬರೆದಳು. ಲೋಟಕ್ಕೆ ಅಂಟಿದ್ದನ್ನು ಲೆಕ್ಕದಿಂದ ಬಿಟ್ಟವಳು ಯಾರನ್ನೂ ನೋಡಿ ಬರೆದವಳಲ್ಲ.

ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ 'ನೀನೇ ಬರೆದದ್ದಾ, ವಿವರಿಸು' ಎಂದು ಮಾತ್ರ ಕೇಳಬೇಡಿ. ಅಲ್ಲಿ ಪರೀಕ್ಷೆ ಆಗುವುದು ವಿಜ್ಞಾನದ್ದಲ್ಲ, ಗಂಟಲಿನದು.

"ಮಾತಾಡದಿದ್ದರೆ ಅಂಕ ಕಡಿಮೆ ಮಾಡಬೇಕಾ ಬೇಡ್ವಾ?"

ಆ ಅಂಕ ಏನನ್ನು ಅಳೆಯುತ್ತದೆ ಎನ್ನುವುದರ ಮೇಲೆ ಹೋಗುತ್ತದೆ. ವಿಜ್ಞಾನದ ಅಂಕ ವಿಜ್ಞಾನ ಅರ್ಥವಾಗಿದೆಯೇ ಎಂದು ಹೇಳಬೇಕು. ಬಾಯಲ್ಲಿ ಹೇಳಲಿಲ್ಲ ಎಂದು ಅಲ್ಲಿ ಕತ್ತರಿಸಿದರೆ ಆ ಅಂಕ ಸುಳ್ಳು ಹೇಳಿದಂತೆ. ಭಾಷೆಯ ಪಾಠದಲ್ಲಿ ಮಾತಾಡುವುದೇ ಕಲಿಯಬೇಕಾದ ಒಂದು ವಿಷಯ. ಅಲ್ಲಿ ಮೌಖಿಕ ಭಾಗಕ್ಕೆ ಬರವಣಿಗೆ ನೋಡಿ ಅಂಕ ತುಂಬಿಸುವುದೂ ಅಷ್ಟೇ ಸುಳ್ಳು.

ಮೌಖಿಕವನ್ನು ಎಲ್ಲರ ಮುಂದೆಯೇ ತೆಗೆದುಕೊಳ್ಳಬೇಕೆಂಬ ನಿಯಮ ಇಲ್ಲದಿದ್ದರೆ ಮೇಜಿನ ಹತ್ತಿರ ಕರೆದು ತೆಗೆದುಕೊಳ್ಳಿ, ಷರಾದಲ್ಲಿ ಹಾಗೆಂದು ಬರೆಯಿರಿ: 'ಮೌಖಿಕವನ್ನು ಒಬ್ಬಳನ್ನೇ ಕೂರಿಸಿಕೊಂಡು ನಡೆಸಲಾಯಿತು.' ಮುಂದಿನ ವರ್ಷದ ಟೀಚರಿಗೆ ಈ ಒಂದು ಸಾಲು ತುಂಬಾ ಉಪಯೋಗಕ್ಕೆ ಬರುತ್ತದೆ.

"ಮನೇಲಿ ಬಾಯಿ ಮುಚ್ಚೋದೇ ಇಲ್ಲ ಅಂತಾರೆ ಅವರಮ್ಮ. ಶಾಲೇಲಿ ಒಂದು ಪದ ಇಲ್ಲ. ಇದು ಬರೀ ಸ್ವಭಾವನಾ?"

ಇಲ್ಲಿ ನಿಧಾನಿಸಿ. ಮಾತು ಕಡಿಮೆ ಇರುವುದು ಬೇರೆ, ಒಂದು ಜಾಗದಲ್ಲಿ ಮಾತು ಹೊರಡದೇ ಇರುವುದು ಬೇರೆ. ಮನೆಯಲ್ಲಿ ಸಲೀಸಾಗಿ ಮಾತಾಡುವ ಮಗು ಶಾಲೆಯಲ್ಲಿ ಯಾರ ಜೊತೆಯೂ ಮಾತಾಡದಿದ್ದರೆ ಸೆಲೆಕ್ಟಿವ್ ಮ್ಯೂಟಿಸಂ ಇರಬಹುದು. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿ 2013ರಲ್ಲಿ ಇದನ್ನು ಆತಂಕದ ತೊಂದರೆಗಳ ಗುಂಪಿಗೆ ಸೇರಿಸಿತು. ಅಂದರೆ ಇದು ಹಟ ಅಲ್ಲ. ಮಗುವಿಗೆ ಹೇಳಬೇಕೆಂದಿದ್ದರೂ ಮಾತು ಹೊರಡುವುದಿಲ್ಲ.

ಗುರುತಿಸಲು ಅವರು ಇಟ್ಟಿರುವ ಅಳತೆಗಳಲ್ಲಿ ಟೀಚರಿಗೆ ತಿಳಿದಿರಬೇಕಾದವು ಇವು: ಕನಿಷ್ಠ 1 ತಿಂಗಳು ಹೀಗೇ ಇರಬೇಕು, ಶಾಲೆಗೆ ಸೇರಿದ ಮೊದಲ ತಿಂಗಳು ಲೆಕ್ಕಕ್ಕಿಲ್ಲ. ಅಲ್ಲಿನ ಭಾಷೆ ಬಾರದೇ ಇರುವುದೇ ಕಾರಣವಾಗಿದ್ದರೆ ಅದು ಇದಲ್ಲ. ಮನೆಮಾತು ಬೇರೆ ಇರುವ ಮಕ್ಕಳು ಹೊಸ ಭಾಷೆಯ ತರಗತಿಗೆ ಬಂದಾಗ ಕೆಲವು ತಿಂಗಳು ಬರೀ ಕೇಳುತ್ತಾ ಕೂರುವುದುಂಟು. ಕಿವಿಯ ಪರೀಕ್ಷೆಯನ್ನೂ ಮರೆಯಬೇಡಿ. ಹಿಂದಿನಿಂದ ಕರೆದರೆ ತಿರುಗುತ್ತಾಳಾ, ಗದ್ದಲದಲ್ಲಿ ಪಕ್ಕದವಳ ಪುಸ್ತಕ ನೋಡಿ ಏನು ಮಾಡಬೇಕೆಂದು ತಿಳಿದುಕೊಳ್ಳುತ್ತಾಳಾ ಎಂದು ಗಮನಿಸಿ.

ನಾಲ್ಕು ಗೆರೆಯ ಲೆಕ್ಕ ಇಲ್ಲೂ ಕೆಲಸಕ್ಕೆ ಬರುತ್ತದೆ. ನಾನು ಹೇಳಿದ ಹುಡುಗಿಗೆ ಮೂರು ಗೆರೆಗಳಲ್ಲಿ ಗೀಟುಗಳಿದ್ದವು. ನಾಲ್ಕರಲ್ಲೂ ಸೊನ್ನೆ ಬಂದು, ಊಟದ ಬಿಡುವಿನಲ್ಲೂ ಮಾತಿಲ್ಲ, ಶೌಚಾಲಯಕ್ಕೆ ಹೋಗಬೇಕು ಎಂದು ಕೇಳಲೂ ಆಗುತ್ತಿಲ್ಲ ಎಂದರೆ ಮುಂದಿನ ಟರ್ಮಿನವರೆಗೆ ಕಾಯಬೇಡಿ. ಅಪ್ಪ ಅಮ್ಮನನ್ನು ಕರೆದು ಲೆಕ್ಕ ತೋರಿಸಿ, ಮಕ್ಕಳ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಲು ಹೇಳಿ.

ಕಾರ್ಡಿನಲ್ಲಿ ಮಾತ್ರ ಆ ಕಾಯಿಲೆಯ ಹೆಸರು ಬರೆಯಬೇಡಿ. ರೋಗ ಗುರುತಿಸುವುದು ನಮ್ಮ ಕೆಲಸವಲ್ಲ. ಕಾರ್ಡು ಯಾರ್ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ. 'ಶಾಲೆಯಲ್ಲಿ ಮಾತಾಡುವ ಬಗ್ಗೆ ಪೋಷಕರ ಜೊತೆ ಮಾತಾಡಲಾಗಿದೆ' ಎಂದರೆ ಸಾಕು.

"ಷರಾ ಓದಿ ಅಪ್ಪ ಮಗೂಗೆ ಬೈದರಂತೆ. 'ಯಾಕೆ ಮಾತಾಡಲ್ಲ ನೀನು' ಅಂತ. ನಾನು ಬರೆದದ್ದು ತಪ್ಪಾಯ್ತಾ?"

ಇರಬಹುದು, ಇಲ್ಲದೆಯೂ ಇರಬಹುದು. ಇಂಥದ್ದು ನನಗೂ ಆಗಿದೆ. ಅಂದಿನಿಂದ ಕಾರ್ಡು ಕೊಡುವ ಮೊದಲು ಎರಡು ಕೆಲಸ ಮಾಡುತ್ತೇನೆ. ಮೊದಲನೆಯದು, ಷರಾವನ್ನು ಮಗುವಿಗೇ ತೋರಿಸುತ್ತೇನೆ. ಓದಿ, ಇದರಲ್ಲಿ ಸರಿಯಿಲ್ಲದ್ದು ಇದ್ದರೆ ಗೆರೆ ಎಳೆ ಎಂದು ಪೆನ್ಸಿಲ್ ಕೊಡುತ್ತೇನೆ. ಬಾಯಿ ಬಿಡಬೇಕಾಗಿಲ್ಲ. ಒಬ್ಬ ಹುಡುಗ 'ಉತ್ತರ ಹೇಳಲು ಹೆದರುತ್ತಾನೆ' ಎಂಬಲ್ಲಿ 'ಹೆದರುತ್ತಾನೆ' ಹೊಡೆದುಹಾಕಿ 'ಯೋಚಿಸುತ್ತಾನೆ' ಎಂದು ಬರೆದುಕೊಟ್ಟ. ನಾನು ಅವನದನ್ನೇ ಇಟ್ಟೆ.

ಎರಡನೆಯದು, ಕಾರ್ಡಿನ ಜೊತೆ ನೋಟ್‌ಬುಕ್ಕಿನ ಆ ಪುಟಕ್ಕೆ ಒಂದು ಚೀಟಿ ಸಿಕ್ಕಿಸಿ ಕಳಿಸುತ್ತೇನೆ. ಅಪ್ಪನ ಕಣ್ಣು ಮೊದಲು ಆ ಪುಟಕ್ಕೆ ಹೋಗಲಿ. ಸಭೆಗೆ ಬಂದರೆ 'ಮನೆಯಲ್ಲಿ ಮಾತಾಡಲು ಹೇಳಿ' ಎನ್ನುವುದಿಲ್ಲ. 'ಈ ಪುಟದ ಬಗ್ಗೆ ಅವಳನ್ನು ಕೇಳಿ, ಕೇಳಿ ಸುಮ್ಮನಿರಿ' ಎನ್ನುತ್ತೇನೆ. ಸುಮ್ಮನಿರಿ ಎನ್ನುವ ಭಾಗವೇ ಅವರಿಗೆ ಕಷ್ಟ.

"ಎರಡನೇ ಟರ್ಮಿನಲ್ಲೂ ಎಲ್ಲರ ಮುಂದೆ ಮಾತಾಡಿಲ್ಲ. ಮತ್ತೆ ಅದನ್ನೇ ಬರೆಯಲಾ?"

ಅದೇ ವಾಕ್ಯ ಬೇಡ. ಹಳೆಯ ಷರಾ ಎದುರಿಗಿಟ್ಟುಕೊಂಡು, ಅಲ್ಲಿ ಬರೆದ ಹೆಜ್ಜೆ ಏನಾಯಿತು ಎಂದು ಬರೆಯಿರಿ. ನೀವು ಮಾಡುತ್ತೇನೆ ಎಂದದ್ದನ್ನು ಮಾಡದೇ ಇದ್ದರೆ ಅದನ್ನೂ ಬರೆಯಬೇಕು. ನನ್ನ ಹುಡುಗಿಗೆ ಹದಿನಾಲ್ಕು ವಾರಗಳಲ್ಲಿ ನಾನು ಗುಂಪಿನ ಓದು ನಡೆಸಿದ್ದು ಒಂಬತ್ತು ವಾರ ಮಾತ್ರ. ಉಳಿದ ವಾರಗಳು ಪರೀಕ್ಷೆ, ರಜೆ ಮತ್ತು ನನ್ನ ಮರೆವಿಗೆ ಹೋದವು. ಆ ಒಂಬತ್ತರಲ್ಲಿ ಅವಳು ಏಳು ಸಲ ಓದಿದಳು, ಎರಡು ಸಲ ಹಾಳೆಯನ್ನು ಗೆಳತಿಯ ಕೈಗೆ ಕೊಟ್ಟಳು. ಕೊನೆಯ ಸಲ ಗುಂಪಿನ ಒಬ್ಬ ಹುಡುಗ ಅವಳ ಉತ್ತರ ತಪ್ಪು ಎಂದ. ಅವಳು ಹಾಳೆ ನೋಡದೆ 'ಅಲ್ಲ, ಇನ್ನೊಂದ್ಸಲ ತೂಗಿ ನೋಡು' ಎಂದಳು. ಎರಡನೇ ಟರ್ಮಿನ ಷರಾ ಅಲ್ಲಿಂದ ಶುರುವಾಯಿತು.